ಒಂದೇ ದೂರಿನಲ್ಲಿ ಶುಲ್ಕವೂ ಶಿಕ್ಷೆಯೂ ಬಂದರೆ ಶಾಲೆಯ ಕಾರ್ಯವಿಧಾನ ಟಿಪ್ಪಣಿ ಹೇಗಿರಬೇಕು?

ಅಘನಾಶಿನಿ ದಂಡೆ (ಕುಮಟಾ)

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಒಂದು ಅನುದಾನರಹಿತ ಹಿರಿಯ ಪ್ರಾಥಮಿಕ ಶಾಲೆಯ ಆಡಳಿತ ಸಮಿತಿಯಲ್ಲಿ ನಾನು ಎರಡು ವರ್ಷಗಳಿಂದ ಸದಸ್ಯೆಯಾಗಿದ್ದೇನೆ. ಪಾಲಕರ ದೂರುಗಳನ್ನು ಹೇಗೆ ಸ್ವೀಕರಿಸಬೇಕು, ಯಾರು ವಿಚಾರಿಸಬೇಕು, ಎಷ್ಟು ದಿನಗಳಲ್ಲಿ ಉತ್ತರ ಕೊಡಬೇಕು ಎಂಬ ಟಿಪ್ಪಣಿಯೊಂದನ್ನು ಬರೆಯುವ ಕೆಲಸವನ್ನು ಸಮಿತಿ ನನಗೆ ವಹಿಸಿದೆ. ಬರೆದೂ ಮುಗಿಸಿದ್ದೆ. ಪಾಲಕರು ಮೊದಲು ತರಗತಿ ಶಿಕ್ಷಕರ ಬಳಿ, ಅಲ್ಲಿ ಪರಿಹಾರ ಸಿಗದಿದ್ದರೆ ಮುಖ್ಯಾಧ್ಯಾಪಕರ ಬಳಿ, ಕೊನೆಗೆ ಸಮಿತಿಯ ಬಳಿ ಹೋಗಬೇಕು. ಒಟ್ಟು ಹದಿನೈದು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು ಎಂಬುದು ನನ್ನ ಕರಡಿನ ಸಾರ. ಮೊನ್ನೆ 25ರಂದು ಬಂದ ಒಂದು ಪತ್ರ ಆ ಕರಡನ್ನು ತಲೆಕೆಳಗು ಮಾಡಿತು.

ಪತ್ರ ಬರೆದವರ ಮಗಳು ಆರನೇ ತರಗತಿಯಲ್ಲಿದ್ದಾಳೆ. ತಂದೆ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ನವೆಂಬರ್ 24ರಂದು ಕಿರುಪರೀಕ್ಷೆ ನಡೆಯುವಾಗ ಶುಲ್ಕ ಬಾಕಿ ಇರುವ ಆರು ಮಕ್ಕಳನ್ನು ಎರಡು ಅವಧಿಗಳ ಕಾಲ ವರಾಂಡದಲ್ಲಿ ನಿಲ್ಲಿಸಲಾಗಿದೆ, ಅವರಲ್ಲಿ ಈ ಹುಡುಗಿಯೂ ಒಬ್ಬಳು. ತಾವು ಎರಡೂ ಕಂತುಗಳನ್ನು ಪೂರ್ತಿ ಕಟ್ಟಿರುವುದಾಗಿ ತಂದೆ ಬರೆದಿದ್ದಾರೆ. ನಮ್ಮ ಖಾತೆ ವಹಿಯಲ್ಲಿ ಮಾತ್ರ 1,670 ರೂಪಾಯಿ ಬಾಕಿ ಎಂದಿದೆ.

ಬಾಕಿ ಹಣ ಕಟ್ಟಿದರೆ ವಿಷಯ ಮುಗಿಯುತ್ತದೆ ಎನ್ನುತ್ತಾರೆ ಖಜಾಂಚಿಯವರು. ವರಾಂಡದ ವಿಷಯ ಶಿಸ್ತಿಗೆ ಸಂಬಂಧಿಸಿದ್ದು, ಅದನ್ನು ತಾವೇ ನೋಡಿಕೊಳ್ಳುವುದಾಗಿ ಮುಖ್ಯಾಧ್ಯಾಪಕರು ಹೇಳುತ್ತಾರೆ. ಇಂಥ ಪತ್ರವನ್ನು ನನ್ನ ಕರಡಿನ ಯಾವ ಮೆಟ್ಟಿಲಲ್ಲಿ ಇಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಎಸ್‌ಡಿಎಂಸಿ ಸದಸ್ಯ (ಹಳಿಯಾಳ)

ಇದರಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲಿಯೂ ಪಾಲಕರೇ ಬಹುಸಂಖ್ಯೆಯಲ್ಲಿರುವ ಸಮಿತಿ ಇರಬೇಕು. ದೂರನ್ನು ಆ ಸಮಿತಿಯ ಮುಂದೆ ಇಡಿ. ನಮ್ಮ ಶಾಲೆಯಲ್ಲಿ ಹಾಗೆಯೇ ಮಾಡುತ್ತೇವೆ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ಹಳಿಯಾಳದ ಸದಸ್ಯರೇ, ನಿಮ್ಮದು ಸರ್ಕಾರಿ ಶಾಲೆಯಾದ್ದರಿಂದ ನಿಮ್ಮ ಮಟ್ಟಿಗೆ ಅದು ಸರಿ. ಆದರೆ ಆ ಕಾಯ್ದೆಯ 21ನೇ ಕಲಂ ಹೇಳುವ ಸಮಿತಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಅಂಥ ಶಾಲೆಗಳಲ್ಲಿ ದೂರು ಕೇಳುವವರೂ ಶುಲ್ಕ ನಿಗದಿ ಮಾಡುವವರೂ ಬಹುಮಟ್ಟಿಗೆ ಒಬ್ಬರೇ ಆಗಿರುತ್ತಾರೆ. ಟಿಪ್ಪಣಿ ಬರೆಯುವುದು ಕಷ್ಟವಾಗುವುದೇ ಆ ಕಾರಣಕ್ಕೆ.

ಅಕ್ಕೋರೇ, ನಿಮ್ಮ ಕರಡಿನಲ್ಲಿ ಮೆಟ್ಟಿಲುಗಳು ಕಡಿಮೆಯಾಗಿವೆ ಎಂದು ನನಗೆ ಅನಿಸುವುದಿಲ್ಲ. ಒಂದು ಪತ್ರವೆಂದರೆ ಒಂದು ದೂರು ಎಂದು ನೀವು ಭಾವಿಸಿರುವುದೇ ಅದರ ದೋಷ. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಕಂಡ ಶುಲ್ಕದ ದೂರುಗಳಲ್ಲಿ ಹೆಚ್ಚಿನವು ಹೀಗೆ ಜೋಡಿಯಾಗಿಯೇ ಬಂದವು, ಏಕೆಂದರೆ ಪಾಲಕರು ಹಣದ ವಿಷಯಕ್ಕೆ ತಿಂಗಳುಗಟ್ಟಲೆ ಸುಮ್ಮನಿದ್ದು, ಮಗು ಅಳುತ್ತಾ ಮನೆಗೆ ಬಂದ ದಿನ ಪೆನ್ನು ಹಿಡಿಯುತ್ತಾರೆ. ಆದ್ದರಿಂದ ಪತ್ರ ಕೈಸೇರಿದ ದಿನವೇ ಆವಕ ವಹಿಯಲ್ಲಿ ಅದಕ್ಕೆ ಎರಡು ಕ್ರಮಾಂಕಗಳನ್ನು ಕೊಡಬೇಕು. ಶುಲ್ಕದ ಭಾಗಕ್ಕೆ ಒಂದು, ಮಗುವನ್ನು ನಡೆಸಿಕೊಂಡ ಭಾಗಕ್ಕೆ ಇನ್ನೊಂದು. ಪಾಲಕರಿಗೆ ಕೊಡುವ ಸ್ವೀಕೃತಿಯಲ್ಲಿ ಎರಡೂ ಕ್ರಮಾಂಕಗಳಿರಬೇಕು. ಎರಡನ್ನೂ ಬೇರೆ ಬೇರೆಯವರು ವಿಚಾರಿಸಬೇಕು, ಬೇರೆ ಬೇರೆ ಹಿಂಬರಹ ಕೊಡಬೇಕು, ಒಂದರ ತೀರ್ಮಾನ ಇನ್ನೊಂದಕ್ಕೆ ಷರತ್ತಾಗಬಾರದು.

ನಿಮ್ಮ ಖಜಾಂಚಿಯವರ ಮಾತನ್ನೇ ತೆಗೆದುಕೊಳ್ಳಿ. ನಾಳೆ ಆ ತಂದೆ 1,670 ರೂಪಾಯಿ ಕಟ್ಟಿಬಿಟ್ಟರು ಎಂದಿಟ್ಟುಕೊಳ್ಳೋಣ. ಆಗ ಕಡತದ ಮೇಲೆ ‘ಬಾಕಿ ಸಂದಾಯವಾಗಿದೆ, ದೂರು ಮುಕ್ತಾಯ’ ಎಂದು ಬರೆಯುತ್ತಾರೆ. ವರಾಂಡದಲ್ಲಿ ನಿಂತ ಎರಡು ಅವಧಿಗಳು ಆ ಒಂದು ಸಾಲಿನ ಕೆಳಗೆ ಹೂತುಹೋಗುತ್ತವೆ.

ಕರಿಮೆಣಸು (ಸಿದ್ದಾಪುರ)

ನನ್ನದೂ ಇದೇ ಸಮಸ್ಯೆ. ಮಗನನ್ನು ಸರ್ಕಾರಿ ಶಾಲೆಗೆ ಸೇರಿಸಬೇಕೆಂದು ಮೇ ತಿಂಗಳಿನಿಂದ ಅಲೆಯುತ್ತಿದ್ದೇನೆ. ಹಳೆಯ ಶಾಲೆಯವರು ಕೊನೆಯ ಕಂತು ಕಟ್ಟುವವರೆಗೆ ಟಿಸಿ ಕೊಡುವುದಿಲ್ಲ ಎಂದು ಕುಳಿತಿದ್ದಾರೆ. ಅಡಿಕೆ ಕೊಯ್ಲು ಮುಗಿದು ಸಂಘದಲ್ಲಿ ಮಾರಾಟವಾಗದೆ ನಮ್ಮ ಕೈಗೆ ಹಣ ಬರುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ನಾನು ಯಾವ ವಹಿಯಲ್ಲಿ ದೂರು ಬರೆಯಬೇಕು?

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ನಿಮ್ಮ ವಿಷಯ ಬೇರೆ, ಆದರೂ ಎರಡು ಮಾತು ಹೇಳುತ್ತೇನೆ. ಎಂಟನೇ ತರಗತಿಯೊಳಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಿದರೆ ಮುಖ್ಯಾಧ್ಯಾಪಕರು ಕೂಡಲೇ ಟಿಸಿ ಕೊಡಬೇಕೆಂದು ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಟಿಸಿ ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ನಿಮ್ಮ ಬಿಇಒ ಕಚೇರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಬಾಕಿ ಇದ್ದರೆ ಅದನ್ನು ವಸೂಲಿ ಮಾಡುವ ದಾರಿ ಶಾಲೆಗೆ ಬೇರೆ ಇದೆ, ಅದಕ್ಕಾಗಿ ಮಗುವಿನ ಕಾಗದವನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ.

ಲೆಕ್ಕದ ವಹಿ (ಹೊನ್ನಾವರ)

ನಾನು ಹದಿನಾಲ್ಕು ವರ್ಷಗಳಿಂದ ಶಾಲಾ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಎರಡೂ ಕಂತು ಕಟ್ಟಿದವರ ಹೆಸರಿನಲ್ಲಿ 1,670 ಬಾಕಿ ಎಂದು ಓದಿದಾಗಲೇ ಇದರ ಹಿಂದೆ ದಂಡ ಶುಲ್ಕ ಇದೆ ಎಂದು ಅನ್ನಿಸಿತು. ಅಘನಾಶಿನಿ ಮೇಡಂ, ಕಂತಿನ ದಿನಾಂಕ, ಹಣ ಬಂದ ದಿನಾಂಕ ಮತ್ತು ದಿನಕ್ಕೆ ಎಷ್ಟು ದಂಡ ಎಂಬುದನ್ನು ತಿಳಿಸಿದರೆ ಲೆಕ್ಕ ಹಾಕಿ ತೋರಿಸುತ್ತೇನೆ.

ಅಘನಾಶಿನಿ ದಂಡೆ (ಕುಮಟಾ)

ವರ್ಷಕ್ಕೆ 30,000 ರೂಪಾಯಿ, ಮೂರು ಸಮ ಕಂತುಗಳು. ಕೊನೆಯ ದಿನಾಂಕಗಳು ಜೂನ್ 10, ಸೆಪ್ಟೆಂಬರ್ 10 ಮತ್ತು ಡಿಸೆಂಬರ್ 10. ತಡವಾದರೆ ದಿನಕ್ಕೆ 10 ರೂಪಾಯಿ ದಂಡ. ಇವರು ಜೂನ್ ಕಂತಿನ 10,000 ರೂಪಾಯಿಯನ್ನು ಆಗಸ್ಟ್ 20ರಂದು ಕಟ್ಟಿದ್ದಾರೆ. ಸೆಪ್ಟೆಂಬರ್ ಕಂತನ್ನು ಸರಿಯಾಗಿ 10ನೇ ತಾರೀಖಿಗೇ ಕಟ್ಟಿದ್ದಾರೆ. ಎರಡನ್ನೂ ಫೋನಿನಿಂದಲೇ ಕಳುಹಿಸಿದ್ದಾರೆ, ಯಾವ ಕಂತು ಎಂಬುದನ್ನೂ ಅದರಲ್ಲಿಯೇ ಬರೆದಿದ್ದಾರೆ.

ಲೆಕ್ಕದ ವಹಿ (ಹೊನ್ನಾವರ)

ನಾನು ಅಂದುಕೊಂಡದ್ದೇ ಆಗಿದೆ. ಜೂನ್ 11ರಿಂದ ಆಗಸ್ಟ್ 20ರವರೆಗೆ 71 ದಿನಗಳಾಗುತ್ತವೆ, ಅಂದರೆ ದಂಡ 710 ರೂಪಾಯಿ. ಆಗಸ್ಟ್ 20ರಂದು ಬಂದ ಹತ್ತು ಸಾವಿರದಲ್ಲಿ ನಿಮ್ಮ ಕಚೇರಿಯವರು ಮೊದಲು ದಂಡದ 710 ಕಳೆದುಕೊಂಡು, ಉಳಿದ 9,290 ರೂಪಾಯಿಯನ್ನು ಕಂತಿಗೆ ಜಮಾ ಮಾಡಿದ್ದಾರೆ. ಆದ್ದರಿಂದ ವಹಿಯ ಪ್ರಕಾರ ಜೂನ್ ಕಂತಿನಲ್ಲಿಯೇ ಇನ್ನೂ 710 ರೂಪಾಯಿ ಉಳಿಯಿತು. ಕಂತು ಪೂರ್ತಿಯಾಗದ ಕಾರಣ ದಿನಕ್ಕೆ ಹತ್ತು ರೂಪಾಯಿಯ ದಂಡವೂ ನಿಲ್ಲಲಿಲ್ಲ. ಆಗಸ್ಟ್ 21ರಿಂದ ನವೆಂಬರ್ 24ರವರೆಗೆ 96 ದಿನಗಳು, 960 ರೂಪಾಯಿ. 710 ಮತ್ತು 960 ಕೂಡಿದರೆ 1,670. ತಂದೆಗೆ ತಾವು ಪೂರ್ತಿ ಕಟ್ಟಿದ್ದೇವೆ ಎಂಬ ನಂಬಿಕೆ, ಕಚೇರಿಗೆ ಬಾಕಿ ಇದೆ ಎಂಬ ನಂಬಿಕೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಂತಿಗೆ ಮೊದಲು ಜಮಾ ಮಾಡಿ, ದಂಡವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿದ್ದರೆ ಆಗಸ್ಟ್ 20ಕ್ಕೇ ಲೆಕ್ಕ ನಿಂತು, 710 ರೂಪಾಯಿ ಮಾತ್ರ ಉಳಿಯುತ್ತಿತ್ತು. ಅಂದರೆ 960 ರೂಪಾಯಿ ಹುಟ್ಟಿದ್ದು ಪಾಲಕರ ವಿಳಂಬದಿಂದಲ್ಲ, ಜಮಾ ಮಾಡಿದ ಕ್ರಮದಿಂದ. ಟಿಪ್ಪಣಿಯ ಶುಲ್ಕ ಭಾಗದಲ್ಲಿ ಇದೊಂದನ್ನು ತಪ್ಪದೆ ಬರೆಯಿರಿ: ಬಂದ ಹಣ ಮೊದಲು ಕಂತಿಗೆ, ನಂತರ ದಂಡಕ್ಕೆ, ದಂಡದ ಮೇಲೆ ದಂಡವಿಲ್ಲ. ದೂರು ಬಂದಾಗ ಪಾಲಕರಿಗೆ ಬರೀ ಬಾಕಿ ಮೊತ್ತ ಹೇಳಿ ಕಳುಹಿಸಬೇಡಿ. ಖಾತೆಯ ಉತಾರೆ ಕೊಡಿ, ಪ್ರತಿ ಜಮೆ ಯಾವುದಕ್ಕೆ ಹೋಯಿತು ಎಂಬುದು ಅದರಲ್ಲಿ ಕಾಣಲಿ.

ವಕೀಲಿ ವೃತ್ತಿ (ಅಂಕೋಲಾ)

ಲೆಕ್ಕದವರು ಸೊಗಸಾಗಿ ಬಿಡಿಸಿದ್ದಾರೆ, ಇದಕ್ಕೆ ಕಾನೂನಿನ ಆಧಾರವೂ ಇದೆ. ಭಾರತೀಯ ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ ಹಲವು ಸಾಲಗಳಿರುವವನು ಇಂಥ ಸಾಲಕ್ಕೆಂದು ತಿಳಿಸಿ ಹಣ ಕೊಟ್ಟರೆ, ಆ ಹಣವನ್ನು ಸ್ವೀಕರಿಸಿದವನು ಅದಕ್ಕೇ ಜಮಾ ಮಾಡಬೇಕು. ತಂದೆ ‘ಸೆಪ್ಟೆಂಬರ್ ಕಂತು’ ಎಂದು ಬರೆದು ಕಳುಹಿಸಿದ ಹಣವನ್ನು ಹಳೆಯ ಬಾಕಿಗೆ ಮುರಿದುಕೊಳ್ಳುವಂತಿಲ್ಲ. ಅಷ್ಟು ಹೇಳಿದರೆ ಸಾಕು, 1,670 ರೂಪಾಯಿ ಬಿದ್ದುಹೋಗುತ್ತದೆ. ಶುಲ್ಕದ ದೂರು ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗಬಹುದು ಎಂದೂ ಟಿಪ್ಪಣಿಯಲ್ಲಿ ಸೇರಿಸಿ.

ಲೆಕ್ಕದ ವಹಿ (ಹೊನ್ನಾವರ)

ವಕೀಲರೇ, ಸೆಪ್ಟೆಂಬರ್ ಹಣವನ್ನು ಸೆಪ್ಟೆಂಬರಿಗೇ ಹಾಕಿದರೂ ಮೊತ್ತ ಬದಲಾಗುವುದಿಲ್ಲ. ಆಗ ಜೂನ್ ಕಂತಿನ 710 ಹಾಗೆಯೇ ನಿಂತು ದಂಡ ಬೆಳೆಯುತ್ತದೆ. ಹಳೆಯ ಬಾಕಿಗೆ ಮುರಿದುಕೊಂಡರೆ ಸೆಪ್ಟೆಂಬರ್ ಕಂತು ಅಪೂರ್ಣವಾಗಿ ಅದರ ಮೇಲೆ ದಂಡ ಬೆಳೆಯುತ್ತದೆ. ಎರಡೂ ದಾರಿಯಲ್ಲಿ ನಾನು ಕೂಡಿ ನೋಡಿದೆ, 1,670ಕ್ಕೇ ಬಂದು ನಿಲ್ಲುತ್ತದೆ. ತಪ್ಪು ನಡೆದದ್ದು ಆಗಸ್ಟ್ 20ರ ಒಂದೇ ನಮೂದಿನಲ್ಲಿ.

ವಕೀಲಿ ವೃತ್ತಿ (ಅಂಕೋಲಾ)

ನೀವು ಹೇಳಿದ್ದು ಸರಿ, ನಾನು ಲೆಕ್ಕ ಹಾಕದೆ ಬರೆದೆ. ಆಗಸ್ಟಿನ ಹಣದ ಜೊತೆಗೂ ‘ಜೂನ್ ಕಂತು’ ಎಂಬ ಬರಹವಿದೆಯಲ್ಲ, ವಾದವನ್ನು ಅದರ ಮೇಲೆ ನಿಲ್ಲಿಸಬಹುದು. ಆದರೆ ಕಂತೂ ಅದರ ದಂಡವೂ ಎರಡು ಬೇರೆ ಸಾಲಗಳೇ ಎಂಬ ಪ್ರಶ್ನೆಗೆ ಎದುರಿನವರು ಗಟ್ಟಿಯಾಗಿಯೇ ವಾದಿಸುತ್ತಾರೆ. ಆದ್ದರಿಂದ ಕಾನೂನಿಗಿಂತ ನಿಮ್ಮ ಟಿಪ್ಪಣಿಯಲ್ಲಿಯೇ ಜಮೆಯ ಕ್ರಮವನ್ನು ಬರೆದುಕೊಳ್ಳುವುದು ಉತ್ತಮ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ಪ್ರಾಧಿಕಾರದ ಮಾತಿಗೂ ಒಂದು ತಿದ್ದುಪಡಿ ಬೇಕು. ಶುಲ್ಕ ನಿಯಂತ್ರಣಕ್ಕೆ ಆಧಾರವಾಗಿದ್ದ ಕರ್ನಾಟಕ ಶಿಕ್ಷಣ ಕಾಯ್ದೆಯ 48ನೇ ಕಲಂ ಖಾಸಗಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂದು 2023ರ ಜನವರಿಯಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ ಪ್ರಾಧಿಕಾರ ನಿಮ್ಮ ಶುಲ್ಕದ ಮೊತ್ತವನ್ನು ಇಳಿಸುತ್ತದೆ ಎಂಬ ಭರವಸೆಯನ್ನು ಪಾಲಕರಿಗೆ ಟಿಪ್ಪಣಿಯಲ್ಲಿ ಕೊಡಬೇಡಿ. ಮೊತ್ತ ಹೆಚ್ಚಾಯಿತು ಎಂಬ ದೂರು ಒಂದು ಬಗೆ, ಲೆಕ್ಕ ತಪ್ಪಿದೆ ಎಂಬ ದೂರು ಇನ್ನೊಂದು ಬಗೆ. ನಿಮ್ಮ ಮುಂದಿರುವುದು ಎರಡನೆಯದು, ಅದನ್ನು ನಿಮ್ಮ ಕಚೇರಿಯಲ್ಲಿಯೇ ಒಂದು ಮಧ್ಯಾಹ್ನದಲ್ಲಿ ಬಗೆಹರಿಸಬಹುದು. ವಂತಿಗೆ ಕೇಳಿದ ದೂರಾದರೆ ಮಾತು ಬೇರೆ, ಅದಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂನಲ್ಲಿ ಪಡೆದ ಹಣದ ಹತ್ತು ಪಟ್ಟಿನವರೆಗೆ ದಂಡವಿದೆ.

ಸದಾಶಿವಗಡದ ಅಮ್ಮ (ಕಾರವಾರ)

ಎಲ್ಲರೂ ಲೆಕ್ಕದಲ್ಲಿ ಮುಳುಗಿದ್ದೀರಿ. ಜೂನ್ 10ನೇ ತಾರೀಖನ್ನು ಯಾರು ನಿಶ್ಚಯಿಸಿದರು ಎಂದು ಯಾರೂ ಕೇಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ನಿಂತರೆ ನಮ್ಮ ಮನೆಗಳಿಗೆ ಪಾಲು ಬರುವುದೂ ನಿಲ್ಲುತ್ತದೆ. ಆ ತಂದೆ ಆಗಸ್ಟ್ 20ರಂದು ಕಟ್ಟಿದ್ದಾರೆ ಎಂದರೆ ಬೋಟು ಇಳಿದ ಮೂರು ವಾರಗಳೊಳಗೆ, ಕೈಗೆ ಬಂದ ಮೊದಲ ಹಣವನ್ನು ಶಾಲೆಗೆ ಕೊಟ್ಟಿದ್ದಾರೆ ಎಂದರ್ಥ. ಅವರನ್ನು ಬಾಕಿದಾರರ ಪಟ್ಟಿಯಲ್ಲಿ ಬರೆಯುವ ಮೊದಲು ಒಂದು ಸಲ ಬಂದರಿನ ಕಡೆ ನೋಡಬಹುದಿತ್ತು.

ಇನ್ನೊಂದು ವಿಷಯ. ನಿಮ್ಮ ಟಿಪ್ಪಣಿಯಲ್ಲಿ ದೂರು ಲಿಖಿತವಾಗಿಯೇ ಇರಬೇಕು ಎಂದಿದೆಯೇ? ನಮ್ಮ ಮನೆಯ ಮಾತು ಕೊಂಕಣಿ. ನಾನು ಕನ್ನಡ ಓದುತ್ತೇನೆ, ಬರೆಯುತ್ತೇನೆ. ನನ್ನ ಓರಗಿತ್ತಿಗೆ ಬರೆಯಲು ಬರುವುದಿಲ್ಲ. ಗಂಡ ಕಡಲಿನಲ್ಲಿರುವಾಗ ಮಗುವಿನ ಸಲುವಾಗಿ ಶಾಲೆಗೆ ಹೋಗುವವಳು ಅವಳೇ. ‘ಬರೆದುಕೊಂಡು ಬನ್ನಿ’ ಎಂದು ಹೇಳಿದರೆ ಅವಳು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ಅಘನಾಶಿನಿ ದಂಡೆ (ಕುಮಟಾ)

ಅಕ್ಕಾ, ನನ್ನ ಕರಡಿನಲ್ಲಿ ಲಿಖಿತ ದೂರು ಎಂದೇ ಇತ್ತು. ಅದನ್ನು ತಿದ್ದುತ್ತೇನೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಕಚೇರಿಯವರೇ ಬರೆದುಕೊಂಡು, ಹೇಳಿದವರ ಭಾಷೆಯಲ್ಲಿ ಓದಿ ತಿಳಿಸಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು ಪ್ರತಿಯನ್ನು ಕೈಗೆ ಕೊಡಬೇಕೆಂದು ಸೇರಿಸಿದರೆ ಸಾಕಾಗುವುದೇ?

ಸದಾಶಿವಗಡದ ಅಮ್ಮ (ಕಾರವಾರ)

ಬರೆದುಕೊಳ್ಳುವವರು ದೂರಿಗೆ ಒಳಗಾದವರೇ ಆಗಿರದಿದ್ದರೆ ಸಾಕು.

ಐದನೇ ತರಗತಿ ಅಕ್ಕೋರು

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಶಿಕ್ಷಕರ ಪರವಾಗಿ ಒಂದು ಮಾತು ಹೇಳಲೇಬೇಕು. ನನ್ನ ಶಾಲೆಯಲ್ಲಿಯೂ ಪರೀಕ್ಷೆಯ ದಿನ ಬೆಳಿಗ್ಗೆ ಕಚೇರಿಯಿಂದ ಒಂದು ಪಟ್ಟಿ ಬರುತ್ತದೆ. ಅದರಲ್ಲಿರುವ ಮಕ್ಕಳನ್ನು ಕೂರಿಸಬೇಡಿ ಎಂದು ಜವಾನರು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಾರೆ. ಕೂರಿಸಿದರೆ ನಮಗೆ ನೋಟಿಸು ಬರುತ್ತದೆ, ಹೊರಗೆ ನಿಲ್ಲಿಸಿದರೆ ಪಾಲಕರ ದೂರಿನಲ್ಲಿ ನಮ್ಮ ಹೆಸರು ಬರುತ್ತದೆ. ಪಟ್ಟಿ ಮಾಡಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ಮೊದಲು ತರಗತಿ ಶಿಕ್ಷಕರ ಬಳಿ ಹೋಗಬೇಕೆಂಬ ನಿಮ್ಮ ಮೊದಲ ಮೆಟ್ಟಿಲು ಇಂಥ ದೂರಿನಲ್ಲಿ ಪಾಲಕರಿಗೂ ಶಿಕ್ಷಕರಿಗೂ ಕಷ್ಟವನ್ನೇ ತರುತ್ತದೆ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ಅಕ್ಕೋರು ಗಂಟಿನ ಮೇಲೆಯೇ ಬೆರಳಿಟ್ಟಿದ್ದಾರೆ. ಆ ಪಟ್ಟಿಗೆ ಸಹಿ ಮಾಡಿದವರು ಯಾರು ಎಂಬುದನ್ನು ಮೊದಲು ನೋಡಿ. ಮುಖ್ಯಾಧ್ಯಾಪಕರದೇ ಸಹಿಯಾಗಿದ್ದರೆ ಅವರು ಈ ದೂರನ್ನು ವಿಚಾರಿಸುವಂತಿಲ್ಲ, ಏಕೆಂದರೆ ತಮ್ಮ ಆದೇಶದ ಬಗ್ಗೆ ತಾವೇ ತೀರ್ಪು ಕೊಟ್ಟಂತಾಗುತ್ತದೆ. ಆಗ ದೂರು ನೇರವಾಗಿ ಸಮಿತಿಗೆ ಹೋಗಬೇಕು, ಖಜಾಂಚಿ ಅದರಿಂದ ಹೊರಗಿರಬೇಕು. ಟಿಪ್ಪಣಿಯಲ್ಲಿ ಮೆಟ್ಟಿಲುಗಳನ್ನು ಹುದ್ದೆಯಿಂದ ಹೆಸರಿಸುವ ಬದಲು ‘ದೂರಿಗೆ ಕಾರಣವಾದ ಆದೇಶದಲ್ಲಿ ಪಾಲಿಲ್ಲದವರು’ ಎಂದು ಬರೆಯಿರಿ.

ವಿಚಾರಣೆಯೆಂದರೆ ಮಗುವನ್ನು ಕೊಠಡಿಗೆ ಕರೆದು ನಾಲ್ಕು ಜನ ಸುತ್ತ ಕೂರುವುದಲ್ಲ. ಮೊದಲು ಕಾಗದಗಳನ್ನು ತರಿಸಿ. ಆ ದಿನದ ಹಾಜರಿ ಪುಸ್ತಕವನ್ನೂ ಕಿರುಪರೀಕ್ಷೆಯ ಅಂಕಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾಜರಿಯಲ್ಲಿ ಮಗು ಹಾಜರು, ಅಂಕಪಟ್ಟಿಯಲ್ಲಿ ಗೈರು ಎಂದಿದ್ದರೆ ಯಾರನ್ನೂ ಕೇಳುವ ಮೊದಲೇ ಅರ್ಧ ಸತ್ಯ ನಿಮ್ಮ ಕೈಯಲ್ಲಿರುತ್ತದೆ. ಆಮೇಲೆ ಮಗುವಿನ ಮಾತನ್ನು ಒಂದೇ ಸಲ, ತಾಯಿಯ ಅಥವಾ ಮಗು ಹೇಳಿದ ಶಿಕ್ಷಕಿಯ ಎದುರಿಗೆ, ತರಗತಿಯಿಂದ ಎಲ್ಲರ ಕಣ್ಣೆದುರು ಎಬ್ಬಿಸಿಕೊಂಡು ಹೋಗದೆ ಕೇಳಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲಿಯೇ ಬರೆಯಿರಿ. ಮೂರು ಸಲ ಕೇಳಿದರೆ ಮೂರನೆಯ ಸಲ ಮಗು ದೊಡ್ಡವರಿಗೆ ಬೇಕಾದ್ದನ್ನು ಹೇಳುತ್ತದೆ.

ಮಗುವಿನ ಭಾಗಕ್ಕೆ ಹದಿನೈದು ದಿನ ಕಾಯಬೇಡಿ. ಪಟ್ಟಿಯನ್ನು ಮರುದಿನವೇ ಹಿಂದೆ ಪಡೆಯಬೇಕು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ, ತಪ್ಪಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಕ್ರಮ ಕೈಗೊಳ್ಳಬೇಕು. ಶುಲ್ಕಕ್ಕಾಗಿ ಎಲ್ಲರ ಎದುರು ಎರಡು ಅವಧಿ ನಿಲ್ಲಿಸುವುದು ಕಿರುಕುಳವಲ್ಲ ಎಂದು ವಾದಿಸುವ ಧೈರ್ಯ ನನಗಂತೂ ಇಲ್ಲ.

ಎಸ್‌ಡಿಎಂಸಿ ಸದಸ್ಯ (ಹಳಿಯಾಳ)

ಹಾಗಾದರೆ ಶುಲ್ಕ ಕಟ್ಟದವರಿಗೆ ಏನೂ ಮಾಡುವಂತಿಲ್ಲವೇ? ಶಿಕ್ಷಕರ ಸಂಬಳ ಎಲ್ಲಿಂದ ಬರಬೇಕು?

ಲೆಕ್ಕದ ವಹಿ (ಹೊನ್ನಾವರ)

ಪಾಲಕರಿಗೆ ಮೂರು ಸಲ ಲಿಖಿತ ಸೂಚನೆ ಕೊಡಿ, ಕರೆದು ಕಂತು ಮುರಿದು ಕೊಡಿ, ಕೊನೆಗೆ ವಕೀಲರ ನೋಟಿಸು ಕಳುಹಿಸಿ. ಇವೆಲ್ಲವೂ ದೊಡ್ಡವರ ನಡುವಿನ ವ್ಯವಹಾರ. ನಮ್ಮಲ್ಲಿ ಮೊದಲ ಕಂತನ್ನು ಬೋಟಿನವರ ಮಕ್ಕಳಿಗೆ ಸೆಪ್ಟೆಂಬರಿಗೆ ಸರಿಸಿದ ಮೇಲೆ ಬಾಕಿ ವಸೂಲಿ ಸುಧಾರಿಸಿದೆ. ಅನುಮಾನವಿದ್ದವರು ಬಂದು ವಹಿ ನೋಡಬಹುದು.

ಕರಿಮೆಣಸು (ಸಿದ್ದಾಪುರ)

ಘಟ್ಟದ ಮೇಲಿನವರಿಗೆ ಫೆಬ್ರವರಿಗೆ ಸರಿಸಿ ಎಂದು ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ವಕೀಲಿ ವೃತ್ತಿ (ಅಂಕೋಲಾ)

ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಮೊದಲನೆಯದು, ಲೈಂಗಿಕ ಸ್ವರೂಪದ ದೂರಿನ ಸುಳಿವು ಪತ್ರದ ಒಂದು ಸಾಲಿನಲ್ಲಿದ್ದರೂ ಅದು ನಿಮ್ಮ ಟಿಪ್ಪಣಿಯ ವ್ಯಾಪ್ತಿಯಿಂದ ಹೊರಗೆ ಹೋಗುತ್ತದೆ. ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮೊದಲು ಶಾಲೆಯೊಳಗೆ ವಿಚಾರಿಸಿ ನೋಡೋಣ ಎಂಬ ಆಯ್ಕೆ ನಿಮಗಿಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆ ಫಲಕದಲ್ಲಿಯೂ ಟಿಪ್ಪಣಿಯಲ್ಲಿಯೂ ಇರಲಿ.

ಎರಡನೆಯದು, ಪಾಲಕರು ನಿಮ್ಮ ಮೆಟ್ಟಿಲುಗಳನ್ನು ಹತ್ತಿಯೇ ಹೊರಗೆ ಹೋಗಬೇಕೆಂದು ಬರೆಯಬೇಡಿ. ಮಗುವಿನ ಹಕ್ಕಿನ ಬಗೆಗಿನ ದೂರನ್ನು ಅವರು ಯಾವಾಗ ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಡಬಹುದು. ಅಲ್ಲಿ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು, ಅದಕ್ಕೆ ಒಪ್ಪದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ. ಇದು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ. ಈ ಸಲ ಲೆಕ್ಕ ತಪ್ಪಿಲ್ಲ ಎಂದುಕೊಂಡಿದ್ದೇನೆ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ತಪ್ಪಿಲ್ಲ. ಕಚೇರಿಯ ವಿಳಾಸ ಬರೆಯುವಾಗ ಒಂದು ಗಮನವಿರಲಿ. ನಮ್ಮ ಒಂದೇ ಕಂದಾಯ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕುಮಟಾದವರು ಕಾರವಾರದ ಉಪನಿರ್ದೇಶಕರ ವ್ಯಾಪ್ತಿಗೆ ಬರುತ್ತಾರೆ, ನಾವು ಶಿರಸಿಯ ಉಪನಿರ್ದೇಶಕರ ವ್ಯಾಪ್ತಿಗೆ. ಶಿರಸಿಯ ಶಾಲೆಯ ಟಿಪ್ಪಣಿಯನ್ನು ನಕಲು ಮಾಡಿದ ಕರಾವಳಿ ಶಾಲೆಯೊಂದು ತಪ್ಪು ವಿಳಾಸವನ್ನೇ ವರ್ಷಗಟ್ಟಲೆ ಗೋಡೆಗೆ ಅಂಟಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

‘ಕೆಲಸದ ದಿನಗಳು’ ಎಂಬ ಮಾತನ್ನೂ ತೂಗಿ ಬಳಸಿ. ಜುಲೈಯಲ್ಲಿ ಮಳೆಗೆ ರಜೆ ಘೋಷಣೆಯಾದರೆ ಮೂರು ಕೆಲಸದ ದಿನಗಳು ಹತ್ತು ದಿನಗಳಾಗುತ್ತವೆ. ಶುಲ್ಕಕ್ಕೆ ಆ ಲೆಕ್ಕ ನಡೆಯುತ್ತದೆ. ಮಗುವಿನ ವಿಷಯಕ್ಕೆ ಪಂಚಾಂಗದ ದಿನಗಳನ್ನೇ ಎಣಿಸಿ.

ಐದನೇ ತರಗತಿ ಅಕ್ಕೋರು

ಮಳೆ ರಜೆಯಲ್ಲಿ ಹಾಜರಿ ಪುಸ್ತಕ ಕಚೇರಿಯ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಶಿಕ್ಷಕರ ಉತ್ತರ ಪಡೆಯುವುದಕ್ಕೂ ನ್ಯಾಯವಾದ ಸಮಯ ಬೇಕಲ್ಲವೇ ಮಾಸ್ತರೇ? ಪಂಚಾಂಗದ ದಿನಗಳೆಂದರೆ ನಮ್ಮ ಮಾತನ್ನು ಕೇಳದೆಯೇ ತೀರ್ಮಾನ ಬರುವ ಅಪಾಯವಿದೆ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ಪಟ್ಟಿ ನಿಲ್ಲಿಸುವುದಕ್ಕೆ ಪಂಚಾಂಗದ ದಿನ, ತಪ್ಪು ಯಾರದೆಂದು ತೀರ್ಮಾನಿಸುವುದಕ್ಕೆ ಕೆಲಸದ ದಿನ ಎಂದರೆ ನೀವು ಒಪ್ಪುತ್ತೀರೋ?

ಐದನೇ ತರಗತಿ ಅಕ್ಕೋರು

ಅರ್ಧ ಒಪ್ಪುತ್ತೇನೆ.

ಅಘನಾಶಿನಿ ದಂಡೆ (ಕುಮಟಾ)

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಪಟ್ಟಿಯ ಮೇಲೆ ಇದ್ದದ್ದು ಮುಖ್ಯಾಧ್ಯಾಪಕರ ಸಹಿಯೇ. ಆದ್ದರಿಂದ ಶಿಸ್ತಿನ ಕ್ರಮಾಂಕವನ್ನು ನನಗೂ ಇನ್ನೊಬ್ಬ ಸದಸ್ಯರಿಗೂ ವಹಿಸಿದರು. ನವೆಂಬರ್ 28ರಂದು ಪಟ್ಟಿಯನ್ನು ಹಿಂದೆ ಪಡೆಯಲಾಯಿತು. ಹಾಜರಿ ಮತ್ತು ಅಂಕಪಟ್ಟಿ ಮಾಸ್ತರು ಹೇಳಿದಂತೆಯೇ ಇದ್ದವು. ಆರೂ ಮಕ್ಕಳು ಹಾಜರು, ಆರೂ ಮಕ್ಕಳು ಗೈರು. 29ರಂದು ಹುಡುಗಿಯ ಮಾತನ್ನು ತಾಯಿಯ ಎದುರಿಗೆ ಕೇಳಿದೆವು. ನಿಂತದ್ದಕ್ಕಿಂತ, ನೀರು ಕುಡಿಯಲು ಹೋಗುತ್ತಿದ್ದ ಏಳನೇ ತರಗತಿಯವರು ‘ಎಷ್ಟು ಬಾಕಿ’ ಎಂದು ಕೇಳಿದ್ದು ಅವಳಿಗೆ ಹೆಚ್ಚು ನೋವಾಗಿತ್ತು. ಡಿಸೆಂಬರ್ 2ರಂದು ಮರುಪರೀಕ್ಷೆ ನಡೆಸಿ, 6ರಂದು ಶಿಸ್ತಿನ ಭಾಗಕ್ಕೆ ಹಿಂಬರಹ ಕೊಟ್ಟೆವು. ನಡೆದದ್ದು ತಪ್ಪೆಂದೂ, ಅದು ಶಿಕ್ಷಕಿಯ ಸ್ವಂತ ನಿರ್ಧಾರವಾಗಿರಲಿಲ್ಲವೆಂದೂ, ಇನ್ನು ಮುಂದೆ ಬಾಕಿ ಪಟ್ಟಿ ತರಗತಿಗೆ ಹೋಗುವುದಿಲ್ಲವೆಂದೂ ಅದರಲ್ಲಿ ಬರೆದಿದ್ದೇವೆ. ಮುಖ್ಯಾಧ್ಯಾಪಕರ ಮೇಲಿನ ಕ್ರಮದ ವಿಷಯ ಸಮಿತಿಯಲ್ಲಿ ಇನ್ನೂ ನಿಂತಿದೆ.

ಶುಲ್ಕದ ಹಿಂಬರಹ 10ರಂದು ಹೋಯಿತು. ಉತಾರೆ ಲಗತ್ತಿಸಿ, 960 ರೂಪಾಯಿಯನ್ನು ಲೆಕ್ಕದ ತಪ್ಪೆಂದು ತೆಗೆದುಹಾಕಿದ್ದೇವೆ. 710ರ ಬಗ್ಗೆ ಸಮಿತಿಯಲ್ಲಿ ಒಮ್ಮತ ಬರಲಿಲ್ಲ. ನಿಯಮವೆಂದರೆ ನಿಯಮ ಎಂಬುದು ಖಜಾಂಚಿಯವರ ವಾದ. ಮುಂದಿನ ವರ್ಷದಿಂದ ಬೋಟಿನ ಮನೆಗಳಿಗೆ ಮೊದಲ ಕಂತನ್ನು ಸೆಪ್ಟೆಂಬರ್ 10ಕ್ಕೆ ಸರಿಸುವ ಠರಾವು ಮಾತ್ರ ಪಾಸಾಯಿತು.

ಈ ನಡುವೆ ಇನ್ನೊಂದು ಘಟನೆ. ನಾಲ್ಕನೇ ತಾರೀಖಿಗೆ ಆ ತಂದೆಯಿಂದ ದೂರು ವಾಪಸು ಪಡೆಯುವ ಪತ್ರ ಬಂತು. ಯಾರೋ ಫೋನು ಮಾಡಿದ್ದರಂತೆ.

ಹಳೆಯ ಮುಖ್ಯಾಧ್ಯಾಪಕ (ಶಿರಸಿ)

ಬಂದೇ ಬರುತ್ತದೆ ಎಂದು ನಾನು ಮೊದಲೇ ಹೇಳಬೇಕಿತ್ತು. ಶುಲ್ಕದ ಭಾಗವನ್ನು ಪಾಲಕರು ವಾಪಸು ಪಡೆಯಬಹುದು, ಹಣ ಅವರದು. ಮಗುವಿನ ಭಾಗವನ್ನು ಶಾಲೆ ತನ್ನಷ್ಟಕ್ಕೇ ಮುಂದುವರಿಸಬೇಕು. ವಾಪಸು ಪತ್ರವನ್ನು ಕಡತದಲ್ಲಿ ಸೇರಿಸಿ, ಫೋನು ಮಾಡಿದವರು ಯಾರೆಂದು ತಂದೆಯನ್ನು ಕೇಳದೆ ನಿಮ್ಮ ಕಚೇರಿಯವರನ್ನು ಕೇಳಿ. ನೀವು 6ನೇ ತಾರೀಖಿಗೆ ಹಿಂಬರಹ ಕೊಟ್ಟದ್ದು ಸರಿಯಾಯಿತು.

ಲೆಕ್ಕದ ವಹಿ (ಹೊನ್ನಾವರ)

ಡಿಸೆಂಬರ್ 10 ಮೂರನೇ ಕಂತಿನ ದಿನವೂ ಹೌದು. ಕಟ್ಟಿದರೇ?

ಅಘನಾಶಿನಿ ದಂಡೆ (ಕುಮಟಾ)

ಒಂಬತ್ತಕ್ಕೇ ಕಟ್ಟಿದ್ದಾರೆ. ‘ಡಿಸೆಂಬರ್ ಕಂತು ಮಾತ್ರ’ ಎಂದು ಬರೆದು ಕಳುಹಿಸಿದ್ದಾರೆ.

ಸದಾಶಿವಗಡದ ಅಮ್ಮ (ಕಾರವಾರ)

ಉಳಿದ ಐದು ಮಕ್ಕಳ ಖಾತೆಯಲ್ಲಿಯೂ ಹೀಗೆಯೇ ದಂಡವನ್ನು ಮೊದಲು ಮುರಿದುಕೊಂಡಿದ್ದಾರೆಯೇ? ಆ ಮನೆಗಳಿಗೆ ಯಾರಾದರೂ ತಿಳಿಸಿದ್ದೀರಾ?

ಅಘನಾಶಿನಿ ದಂಡೆ (ಕುಮಟಾ)

ಮರುಪರೀಕ್ಷೆ ಆರೂ ಮಕ್ಕಳಿಗೆ ಆಗಿದೆ. ಖಾತೆಗಳನ್ನು ತೆಗೆದು ನೋಡಿಲ್ಲ ಅಕ್ಕಾ. ದೂರು ಬಂದದ್ದು ಒಬ್ಬರಿಂದ ಎಂದು ಒಂದೇ ಖಾತೆ ನೋಡಿದೆವು. ಸೋಮವಾರ ಕಚೇರಿಗೆ ಹೋಗಿ ಐದೂ ಉತಾರೆ ತೆಗೆಸುತ್ತೇನೆ.